ಆರನೇ ನಿಮಿಷದ ಗುಡ್ಡ

ಹೊನ್ನಾವರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಭಾಸ್ಕರ ಮಾಸ್ತರರ ಕಾಲು ಆ ವಾರ ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ನೀರಿನೊಳಗಿನ ಮೀನು ಇದ್ದ ಜಾಗಕ್ಕಿಂತ ಮೇಲೆ ಏಕೆ ಕಾಣುತ್ತದೆ ಎಂದು ಅವರು ಮಾಡಿದ್ದ ವಿಡಿಯೋವನ್ನು ಶನಿವಾರ ಕುಮಟಾದ ಶಿಕ್ಷಕರ ತರಬೇತಿಯಲ್ಲಿ ಮಾದರಿ ಪಾಠವಾಗಿ ತೋರಿಸಬೇಕಿತ್ತು. ಈ ಸುದ್ದಿ ಕಟಿಂಗ್ ಅಂಗಡಿಯವನಿಗೂ ಗೊತ್ತಿತ್ತು, ಮೀನು ಮಾರುವ ನಾಗಿಗೂ ಗೊತ್ತಿತ್ತು. ಹೇಳಿದವರು ಮಾಸ್ತರರೇ.

ಮಕ್ಕಳು ವಿಡಿಯೋದ ಯಾವ ಭಾಗವನ್ನು ಎಷ್ಟು ಸಲ ನೋಡಿದ್ದಾರೆಂದು ಹೇಳುವ ಗೆರೆಯ ನಕ್ಷೆಯನ್ನು ಕಂಪ್ಯೂಟರ್ ಕಲಿಸುವ ವಿನುತಾ ತೆರೆದು ತೋರಿಸಿದಳು. ಆರನೇ ನಿಮಿಷದಲ್ಲಿ ಒಂದು ಪ್ರಶ್ನೆ. ಸರಿಯುತ್ತರ ಒತ್ತಿದರೆ ಮಾತ್ರ ವಿಡಿಯೋ ಮುಂದಕ್ಕೆ ಹೋಗುತ್ತದೆ. ಅದಕ್ಕಿಂತ ಸ್ವಲ್ಪ ಮೊದಲು ಗೆರೆ ಗುಡ್ಡದಂತೆ ಎದ್ದಿತ್ತು, ಪ್ರಶ್ನೆಯ ಬುಡದಲ್ಲಿ ಧೊಪ್ಪನೆ ಬಿದ್ದಿತ್ತು.

"ಕಂಡ್ರಾ ಅಕ್ಕೋರೆ, ನನ್ನ ಪಾಠ ಹಿಂದೆ ಎಳ್ದು ಎಳ್ದು ನೋಡಿದಾರೆ," ಎಂದರು ಮಾಸ್ತರರು. "ಪ್ರಶ್ನೆ ಬಂದದ್ದೇ ಓಡಿ ಹೋಗ್ತವೆ. ಸೋಂಬೇರಿಗಳು."

ವಿನುತಾ ಒಬ್ಬೊಬ್ಬರ ದಾಖಲೆ ತೆಗೆದಳು. "ಖುಷಿಗೆ ನೋಡಿದ್ದಲ್ಲ ಸರ್. ಎಲ್ರೂ ಪ್ರಶ್ನೆ ಕಂಡ ಮೇಲೇ ಹಿಂದೆ ಹೋಗಿದಾರೆ. ಚೂರು ನೋಡುದು, ಪ್ರಶ್ನೆಗೆ ಬರುದು, ಮತ್ತೆ ಹಿಂದೆ. ಎಂತದೋ ಹುಡುಕ್ತಾ ಇದಾರೆ. ದಾಟಿದವ್ರು ಉತ್ತರ ಎಲ್ಲ ಒಂದೊಂದಾಗಿ ಒತ್ತಿ ದಾಟಿದಾರೆ."

ಮಾಸ್ತರರ ಮೀಸೆ ಸ್ವಲ್ಪ ಇಳಿಯಿತು.

"ಈ ಅರ್ಚಿತಾ ಮಾತ್ರ ಹಿಂದೂ ಹೋಗ್ಲಿಲ್ಲ, ಮುಂದೂ ಹೋಗ್ಲಿಲ್ಲ. ಪ್ರಶ್ನೆ ಮುಂದೆ ಅರ್ಧ ಗಂಟೆ," ಎಂದಳು ವಿನುತಾ.

"ನಿದ್ದೆ ಬಿದ್ದಿರ್ಬೇಕು," ಎಂದು ಮಾಸ್ತರರು ಅವಳನ್ನು ಕರೆಸಿದರು.

ಅರ್ಚಿತಾ ಒಂಬತ್ತನೆಯ ತರಗತಿಯಲ್ಲಿ ತುಟಿ ಬಿಚ್ಚದವಳು. "ನಿದ್ದೆ ಅಲ್ಲ ಸರ್, ಕಾಯ್ತಾ ಇದ್ದೆ," ಎಂದಳು.

"ಎಂತಕ್ಕೆ?"

"ಕ್ಲಾಸಲ್ಲಿ ನೀವು ಪ್ರಶ್ನೆ ಕೇಳಿದ್ರೆ, ನಾವು ಸುಮ್ನಿದ್ರೆ, ನೀವೇ ಉತ್ತರ ಹೇಳ್ತ್ರಲ್ಲ. ಅದ್ಕೆ ಸುಮ್ನಿದ್ದೆ."

ವಿನುತಾ ನಗು ತಡೆಯಲು ಕೆಮ್ಮಿದಳು. ಸರಿಯುತ್ತರ ಒತ್ತಿ ವಿಡಿಯೋ ಮುಂದೆ ಬಿಟ್ಟಳು. ಪರದೆಯ ಮೇಲಿನ ಭಾಸ್ಕರ ಮಾಸ್ತರರು ಕನ್ನಡಕ ಸರಿಪಡಿಸಿಕೊಂಡು, "ಯಾರಿಗೂ ಗೊತ್ತಿಲ್ವಾ? ಆತು, ನಾನೇ ಹೇಳ್ತೆ," ಎಂದು ಕಾರಣ ವಿವರಿಸತೊಡಗಿದರು. ಮಕ್ಕಳು ಹಿಂದೆ ಹುಡುಕಿದ ಉತ್ತರ ಪ್ರಶ್ನೆಯೆಂಬ ಬೀಗದ ಆಚೆಗಿತ್ತು. ಮಾಸ್ತರರಿಗೆ ನಾಚಿಕೆಯಾಯಿತು, ಸೋಂಬೇರಿಗಳು ಎಂದದ್ದಕ್ಕೆ ಇನ್ನೂ ಹೆಚ್ಚು.

ಪ್ರಶ್ನೆಯನ್ನು ಆ ವಿವರಣೆಯ ನಂತರಕ್ಕೆ ಸರಿಸಲು ವಿನುತಾಗೆ ಒಂದು ಗಳಿಗೆ ಸಾಕಾಯಿತು. ಆದರೂ ಶನಿವಾರ ಮಾಸ್ತರರು ಕುಮಟಾಕ್ಕೆ ಒಯ್ದದ್ದು ಹಳೆಯ ಗುಡ್ಡವನ್ನೇ. ಸಭಾಂಗಣದ ಗೋಡೆಯ ಮೇಲೆ ಅದನ್ನು ಮೂಡಿಸಿ, ತಾಲ್ಲೂಕಿನ ಮಾಸ್ತರರು, ಅಕ್ಕೋರುಗಳ ಮುಂದೆ, "ಇದು ಎಂತಕ್ಕೆ ಎದ್ದಿದೆ? ಯಾರಾದ್ರೂ ಹೇಳಿ," ಎಂದರು.

ಒಬ್ಬರು ಫ್ಯಾನು ನೋಡಿದರು, ಇನ್ನೊಬ್ಬರು ಪೆನ್ನು ಬಿಚ್ಚಿ ಹಿಡಿದು ಕುಳಿತರು, ಉತ್ತರ ಬಂದೊಡನೆ ಬರೆದುಕೊಳ್ಳಲು. ಭಾಸ್ಕರ ಮಾಸ್ತರರ ನಾಲಿಗೆ ತುದಿಗೆ ಅದು ಬಂದೇ ಬಿಟ್ಟಿತ್ತು. ಅವರು ಕುರ್ಚಿ ಎಳೆದುಕೊಂಡು, ಬಾಯಿ ಮುಚ್ಚಿ, ಕಾಯುತ್ತ ಕುಳಿತರು.