ತಾಕತ್ತಿನ ಸೂಜಿ

ಆ ಫಾರ್ಮನ್ನು ಕನ್ನಡಕ್ಕೆ ಮಾಡಿದವನು ಯಾರೋ, ಕೈಗೆ ಸಿಕ್ಕಿದ್ದರೆ ಕಿವಿ ಹಿಂಡುತ್ತಿದ್ದೆ. 'ಹೃತ್ಕವಾಟ ವ್ಯಾಧಿಯ ಪೂರ್ವೇತಿಹಾಸವಿದೆಯೇ?' 'ಸಂಧಿವಾತ ಜ್ವರದಿಂದ ಪೀಡಿತರಾಗಿದ್ದಿರೇ?' ಹೀಗೇ ನಾಲ್ಕು ಪುಟ. ತಿಪಟೂರಿನಲ್ಲಿ ಬಿ.ಎ. ಮಾಡಿದ ನನಗೇ ಎರಡೆರಡು ಸಲ ಓದಬೇಕಾಯಿತು. ಇದನ್ನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಹುಡುಗಿಯ ಕೈಗೆ ಕೊಟ್ಟರೆ ಅವಳೇನು ಮಾಡುತ್ತಾಳೆ? ಗಂಡನ ಕೈಗೆ ಕೊಡುತ್ತಾಳೆ. ಗಂಡ ಎಲ್ಲದರ ಮುಂದೂ 'ಇಲ್ಲ' ಅಂತ ಬರೆದು ತರುತ್ತಾನೆ. ಇಲ್ಲೂ ಹಾಗೇ ಆಗಿತ್ತು.

ನನ್ನ ಹೆಸರು ಸರ್ವಮಂಗಳ. ಡಚ್ಚರ ಊರು ಹಾರ್ಲೆಮ್ಮಿನ ಸೂಲಗಿತ್ತಿಯರ ದವಾಖಾನೆಯೊಂದರಲ್ಲಿ ಮುಂದಿನ ಮೇಜು ನನ್ನದು. ಫೋನು ಎತ್ತುತ್ತೇನೆ, ಬಂದವರ ಬಿ.ಪಿ. ನೋಡುತ್ತೇನೆ, ಕಾಫಿ ಮಾಡಿದವರು ಲೋಟ ತೊಳೆಯದೆ ಹೋದರೆ ಬೈಯುತ್ತೇನೆ. ಇಲ್ಲಿ ಗಟ್ಟಿಮುಟ್ಟಾದ ಬಸುರಿ ಆಸ್ಪತ್ರೆಯ ಮುಖ ನೋಡಬೇಕಾಗಿಲ್ಲ; ಸೂಲಗಿತ್ತಿಯೇ ನೋಡಿಕೊಳ್ಳುತ್ತಾಳೆ, ಬೇಕೆಂದರೆ ಮನೆಯಲ್ಲೇ ಹೆರಿಗೆ. ಆದರೆ ಗಟ್ಟಿಮುಟ್ಟಾಗಿದ್ದಾಳೆ ಅಂತ ಹೇಳುವುದು ಬಹುಮಟ್ಟಿಗೆ ಆ ನಾಲ್ಕು ಪುಟಗಳೇ. ಅಲ್ಲಿ ಸುಳ್ಳು ಬಿದ್ದರೆ ಮುಂದಿನದೆಲ್ಲ ಸುಳ್ಳಿನ ಮೇಲೇ ನಡೆಯುತ್ತದೆ.

ದಾಕ್ಷಾಯಿಣಿ ಬಂದಿದ್ದು ನಾಲ್ಕು ತಿಂಗಳು ತುಂಬಿದ ಮೇಲೆ. ಯಲಬುರ್ಗಾ ಕಡೆಯವಳು, ಈ ದೇಶಕ್ಕೆ ಬಂದು ಇನ್ನೂ ಆರು ವಾರವಾಗಿರಲಿಲ್ಲ. ಗಂಡ ಸಂಗಪ್ಪ ಸ್ಟೇಷನ್ನಿನ ಹತ್ತಿರದ ಇಂಡಿಯನ್ ಹೋಟೆಲಿನಲ್ಲಿ ಅಡುಗೆಯವನು. ನಮ್ಮ ದವಾಖಾನೆ ಇರುವುದು ಮೊದಲನೇ ಮಹಡಿಯಲ್ಲಿ. ಮೆಟ್ಟಿಲು ಹತ್ತಿ ಬಂದವಳು ಬಾಗಿಲ ಚೌಕಟ್ಟು ಹಿಡಿದು ನಿಂತೇ ಬಿಟ್ಟಳು. ತುಟಿ ಬಿಳಿಚಿತ್ತು. ಹಿಂದಿನಿಂದ ಸಂಗಪ್ಪ ಡಬ್ಬಿ ಹಿಡಿದು ನಗುತ್ತಾ ಬಂದ.

"ಅಕ್ಕಾರ, ಎಲ್ಲಾ ಬರದೀನ್ರಿ, ಒಂದೂ ಬಿಟ್ಟಿಲ್ಲ. ನಮ್ಮಾಕಿಗೆ ಏನೂ ಜಡ್ಡಿಲ್ರಿ, ಕಲ್ಲಿದ್ದಂಗ ಅದಾಳ."

"ಕಲ್ಲು ಹೀಗೆ ಏದುಸಿರು ಬಿಡತ್ತೇನಪ್ಪಾ?"

"ಅದು ಈ ಊರಿನ ಮೆಟ್ಟಲ ಮಹಿಮಾರಿ! ನಿಚ್ಚಣಕಿ ಹತ್ತಿದಂಗ ಆಗ್ತದ. ನಾನೂ ಏದತೀನಿ. ತಗೋರಿ, ನಿಮಗ ಮಿರ್ಚಿ ಭಜಿ ತಂದೀನಿ."

ಮಾತು ನಿಜವೇ, ಆ ಮೆಟ್ಟಿಲಿಗೆ ನಾನೂ ಏದುತ್ತೇನೆ. ಆದರೆ ನನಗೆ ಐವತ್ತಾರು, ಮೊಣಕಾಲು ಬೇರೆ ಹೋಗಿದೆ. ಅವಳಿಗೆ ಇಪ್ಪತ್ಮೂರು.

ಅವನೂ ಒಳಗೆ ಬರಲು ಹೊರಟ. ಮೊದಲನೇ ಸಲ ಹೆಂಗಸನ್ನು ಸ್ವಲ್ಪ ಹೊತ್ತು ಒಬ್ಬಳನ್ನೇ ಮಾತಾಡಿಸುವುದು ನಮ್ಮಲ್ಲಿ ಪದ್ಧತಿ. ಹೇಳಿದೆ.

"ಆಕಿಗೇನ್ ತಿಳೀತದ್ರಿ? ನಾನ ಹೇಳ್ತೀನಿ."

"ಬಸುರಾಗಿರೋರು ಯಾರಪ್ಪ, ನೀನಾ?" ಅಂದೆ. ಕೂತುಕೊಂಡ, ಪಾಪ. ಕೆಟ್ಟವನೇನಲ್ಲ.

ಸೂಲಗಿತ್ತಿ ಫ್ರೌಕೆ ಫಾರ್ಮು ತಿರುವಿ ಹಾಕುತ್ತಿದ್ದಳು. ಫೋನಿನಲ್ಲಿ ದುಭಾಷಿ ಒದಗಿಸುವವರು ಕನ್ನಡದವರಿಲ್ಲ, ಹಿಂದಿ ನಡೆಯುತ್ತದೆಯೇ ಅಂತ ಕೇಳಿದ್ದರಂತೆ. ದಾಕ್ಷಾಯಿಣಿಗೆ ಹಿಂದಿ ಬರುವುದು 'ಟೀಕ್ ಹೈ' ಅನ್ನುವಷ್ಟೇ. ಹಾಗಾಗಿ ನಾನು.

"ಮಂಗಳಾ, ಎಲ್ಲಾದಕ್ಕೂ ಇಲ್ಲ ಅಂತಿದೆ," ಅಂದಳು ಫ್ರೌಕೆ. "ಇಂಥಾ ಫಾರ್ಮು ಕಂಡ್ರೆ ನಂಗೆ ಭಯ ಕಣೆ. ನಾಡಿ ನೋಡಿದ್ರೆ ಕುದುರೆ ಥರ ಓಡ್ತಿದೆ."

"ಇದೇ ಪ್ರಶ್ನೆ ಇದೇ ಮಾತಲ್ಲಿ ಕೇಳಿದ್ರೆ ಮತ್ತೆ ಇಲ್ಲ ಅಂತಾನೇ ಬರೋದು. ಕಾಯಿಲೆ ಹೆಸರು ಅವಳಿಗೆ ಯಾರು ಹೇಳಿರ್ತಾರೆ? ಮೈಗೆ ಏನಾಗಿತ್ತು, ಯಾರು ಏನು ಮಾಡಿದ್ರು ಅಂತ ಕೇಳ್ಬೇಕು."

"ನೀನಾಗಿ ಪ್ರಶ್ನೆ ಸೇರಿಸೋ ಹಾಗಿಲ್ಲ."

"ಗೊತ್ತಮ್ಮಾ ತಾಯಿ. ಅದಕ್ಕೇ ನಿನಗೆ ಹೇಳ್ತಿರೋದು. ಕೇಳೋಳು ನೀನು, ನಾನು ಬರೀ ಬಾಯಿ."

ಅವಳು ಒಪ್ಪಿದಳು. ಫಾರ್ಮಿನಲ್ಲಿದ್ದ ಆ ಸಂಧಿವಾತ ಜ್ವರದಲ್ಲಿ ಮಕ್ಕಳಿಗೆ ಏನಾಗುತ್ತದೆ, ನಮ್ಮೂರ ಕಡೆ ಏನು ಔಷಧಿ ಕೊಡುತ್ತಾರೆ ಅಂತ ನನಗೆ ಗೊತ್ತಿದ್ದಷ್ಟು ಹೇಳಿದೆ. ನಮ್ಮ ಕ್ಲಾಸಿನಲ್ಲೇ ಇಬ್ಬರು, ಆ ಜ್ವರ ಮರುಕಳಿಸಿ ಗುಂಡಿಗೆ ಕೆಡಿಸದಿರಲಿ ಅಂತ, ತಪ್ಪದೆ ಸೂಜಿ ಹಾಕಿಸಿಕೊಳ್ಳಲು ಹೋಗುತ್ತಿದ್ದರು. ಫ್ರೌಕೆ ಅದನ್ನೆಲ್ಲ ಸಣ್ಣ ಸಣ್ಣ ಪ್ರಶ್ನೆಯಾಗಿ ಬರೆದುಕೊಂಡಳು. ದಾಕ್ಷಾಯಿಣಿಗೆ ನಾನು ಮೊದಲೇ ತಿಳಿಸಿದೆ: "ನೋಡಮ್ಮ, ನೀನು ಹೇಳಿದ್ದೆಲ್ಲ ಇವರಿಗೆ ಹೇಳ್ತೀನಿ, ಇವರು ಹೇಳಿದ್ದೆಲ್ಲ ನಿನಗೆ. ನಡುವೆ ನಾನು ಯಾವುದನ್ನೂ ಮುಚ್ಚಿಡೋ ಹಾಗಿಲ್ಲ. ನಿನ್ನ ಗಂಡನಿಗೆ ಮಾತ್ರ ನಾವಾಗಿ ಹೇಳಲ್ಲ."

"ಮುಚ್ಚಿಡೂದು ಏನೈತ್ರಿ ನಂದು?" ಅಂತ ನಕ್ಕಳು.

"ಎದೆ ಕಾಯಿಲೆ ಏನಾದ್ರೂ?"

"ಇಲ್ರಿ."

"ಸಣ್ಣವಳಿದ್ದಾಗ ಮಂಡಿ, ಮೊಣಕೈ, ಮಣಿಕಟ್ಟು ಒಂದಾದ ಮೇಲೊಂದು ಬಾತು, ಜ್ವರ ಬಂದು ಮಲಗಿದ್ದುಂಟಾ?"

ಅವಳು ಯೋಚಿಸಿದಳು. "ಹೂಂರಿ, ನಾಕನೇತ್ತೆ ಸಾಲ್ಯಾಗ ಇದ್ದಾಗ. ನಡ್ಯಾಕ ಬರ್ತಿರಲಿಲ್ಲ, ಅವ್ವ ಹೊತ್ಕೊಂಡು ಬಚ್ಚಲಕ್ಕ ಒಯ್ತಿದ್ಲು. ಅದು ಜಡ್ಡಲ್ರಿ. ಬೆಳ್ಯೋ ಹುಡುಗರಿಗೆ ಆಗ್ತದಂತ."

"ಅದಾದ ಮೇಲೆ ಸೂಜಿ ಏನಾದ್ರೂ ಹಾಕಿಸ್ತಿದ್ರಾ, ತಪ್ಪದೆ?"

"ಅಯ್ಯ, ಅದನ್ನ ಕೇಳಬ್ಯಾಡ್ರಿ!" ಕೈಯಿಂದ ಸೊಂಟ ಮುಟ್ಟಿಕೊಂಡಳು. "ಮೂರು ವಾರಕ್ಕೊಮ್ಮೆ ಕೊಪ್ಪಳಕ್ಕ ಬಸ್ಸಿನ್ಯಾಗ ಹೋಗೂದು. ಕುಂಡಿಗೆ ಮಾಡ್ತಿದ್ರು, ಎರಡು ದಿನ ಕುಂಡ್ರಾಕ ಆಗ್ತಿರಲಿಲ್ಲ. ಅದು ತಾಕತ್ತಿನ ಸೂಜಿರಿ. ನಾ ಭಾಳ ಸಣಕಲಿದ್ದೆ, ಮೈ ಹಿಡೀಲಿ ಅಂತ ಅವ್ವ ಮಾಡಸ್ತಿದ್ಲು. ಲಗ್ನ ಗೊತ್ತಾದ ಮ್ಯಾಲ ಬಿಡಿಸಿದ್ಲು. ತಾಕತ್ತು ಬಂತಲ್ಲ, ಸಾಕು ಅಂದ್ಲು."

ಅದು ನನ್ನ ಕ್ಲಾಸಿನವರು ಹಾಕಿಸಿಕೊಳ್ಳುತ್ತಿದ್ದ ಅದೇ ಸೂಜಿ. ಈ ಹುಡುಗಿ ಸುಳ್ಳು ಹೇಳುತ್ತಿರಲಿಲ್ಲ. ಅವಳ ಗಂಡನೂ ಸುಳ್ಳು ಬರೆದಿರಲಿಲ್ಲ. ಅವಳ ಎದೆಯ ವಿಷಯ ಅವಳಿಗೇ ಗೊತ್ತಿರಲಿಲ್ಲ. ಆ ಫಾರ್ಮನ್ನು ನಾನು ಎಷ್ಟೇ ಚೆಂದದ ಕನ್ನಡಕ್ಕೆ ಮಾಡಿದ್ದರೂ ಅವಳು 'ಇಲ್ರಿ' ಅಂತಲೇ ಅನ್ನುತ್ತಿದ್ದಳು.

ಮಾತು ಬಿಡದೆ ಫ್ರೌಕೆಗೆ ಹೇಳಿದೆ. ಅವಳು ಪೆನ್ನು ಕೆಳಗಿಟ್ಟಳು. "ರಾತ್ರಿ ಹೇಗೆ ಮಲಗ್ತಾಳೆ ಕೇಳು."

"ಎರಡು ತಲಿದಿಂಬು ಬೇಕ್ರಿ. ಈಗೀಗ ಗ್ವಾಡಿಗೆ ಒರಗಿ ಕುಂತ ನಿದ್ದಿ ಮಾಡ್ತೀನಿ. ಮಕ್ಕೊಂಡ್ರ ಕೂಸು ಎದಿ ಒತ್ತಿದಂಗ ಆಗ್ತದ."

ನಾಲ್ಕು ತಿಂಗಳ ಕೂಸು ಇನ್ನೂ ಹೊಕ್ಕುಳಿನವರೆಗೂ ಬಂದಿರುವುದಿಲ್ಲ. ಎದೆ ಒತ್ತುವುದು ಎಲ್ಲಿಂದ ಬಂತು? ಫ್ರೌಕೆ ನನ್ನ ಮುಖ ನೋಡಿದಳು, ನಾನು ಅವಳದು.

"ತಾಯಿ ಇದಾರಾ? ಫೋನು ಮಾಡೋಕೆ ಆಗತ್ತಾ, ಅವಳು ಒಪ್ಪಿದ್ರೆ?" ಅಂತ ಫ್ರೌಕೆ ಕೇಳಿದಳು.

ಒಪ್ಪಿದಳು. ದಾಕ್ಷಾಯಿಣಿ ತನ್ನ ಫೋನನ್ನು ಮೇಜಿನ ಮೇಲಿಟ್ಟು ಎಲ್ಲರಿಗೂ ಕೇಳುವಂತೆ ಮಾಡಿದಳು. ಅವಳ ತಾಯಿ ಹನುಮವ್ವನಿಗೆ ನಾನು ಯಾರು, ಇಲ್ಲಿ ಯಾರ್ಯಾರು ಕೇಳಿಸಿಕೊಳ್ಳುತ್ತಿದ್ದಾರೆ ಅಂತ ಹೇಳಿ ಸೂಜಿಯ ಮಾತು ಎತ್ತಿದೆ.

"ಯಾವ ಸೂಜಿರಿ? ಎಲ್ಲಾರ ಮಕ್ಕಳಿಗೂ ಮಾಡ್ತಾರ, ಅದ. ನನ್ನ ಮಗಳಿಗೆ ಏನಾಗ್ಯದ? ಬಂಗಾರದಂಗ ಅದಾಳ." ಆಮೇಲೆ ದನಿ ತಗ್ಗಿತು. "ಅಳಿಯಂದ್ರು ಅದಾರೇನ್ರಿ ಅಲ್ಲಿ?"

"ಇಲ್ಲ. ಹೊರಗಿದಾರೆ."

"ಮತ್ತ್ಯಾಕ್ರಿ ಇವೆಲ್ಲ? ಜಡ್ಡು ಅದ, ಜಡ್ಡು ಅದ ಅಂತ ನೀವ ಹಚ್ಚಬ್ಯಾಡ್ರಿ ಆಕಿಗೆ."

ನನಗೆ ಮೈಯೆಲ್ಲ ಉರಿದು ಹೋಯಿತು. ಬಾಯಿಗೆ ಬಂದಿದ್ದನ್ನು ಅಂದುಬಿಡುತ್ತಿದ್ದೆ. ಆದರೆ ಆ ಕೋಣೆಯಲ್ಲಿ ನನ್ನ ಮಾತಿಗೆ ಜಾಗವಿಲ್ಲ. ಹನುಮವ್ವ ಅಂದಿದ್ದನ್ನೆಲ್ಲ ಫ್ರೌಕೆಗೆ ಹೇಳಿ, ಹಲ್ಲು ಕಚ್ಚಿ ಕೂತೆ. ಫ್ರೌಕೆ ಮೆಲ್ಲಗೆ ಮಾತಾಡಿದಳು, ನಾನು ಅದನ್ನೇ ಕನ್ನಡದಲ್ಲಿ ಅಂದೆ: "ಅಮ್ಮಾ, ತಪ್ಪು ಯಾರದು ಅಂತ ನಾನು ಕೇಳ್ತಿಲ್ಲ. ಮಗಳ ಗುಂಡಿಗೆಯ ಕವಾಟ ಚಿಕ್ಕದಾಗಿರಬಹುದು. ಬಸುರಲ್ಲಿ ರಕ್ತ ಹೆಚ್ಚಾಗತ್ತೆ, ಗುಂಡಿಗೆಗೆ ಕೆಲಸ ಜಾಸ್ತಿ. ಗೊತ್ತಿದ್ರೆ ನಾವು ಮಾಡೋದು ಬೇಕಾದಷ್ಟಿದೆ. ಗೊತ್ತಿಲ್ದೆ ಹೆರಿಗೆಗೆ ಬಿಟ್ರೆ ಅವಳು ಉಳೀತಾಳೆ ಅಂತ ನಾನು ಮಾತು ಕೊಡೋಕಾಗಲ್ಲ."

ಆ ಕಡೆ ಎಲ್ಲೋ ಒಂದು ಕೋಳಿ ಕೂಗಿತು. ಆಮೇಲೆ ಹನುಮವ್ವ ಅಳದೆ, ಗಡಸು ದನಿಯಲ್ಲಿ ಹೇಳತೊಡಗಿದಳು.

"ಕವಾಟ ಸಣ್ಣಾಗ್ಯದ ಅಂದಿದ್ರು. ಸೂಜಿ ಬಿಡಬ್ಯಾಡ ಅಂದಿದ್ರು. ಬಸುರಾಗೂ ಮುಂಚೆ ಕರ್ಕೊಂಡು ಬಾ, ನೋಡಬೇಕು ಅಂದಿದ್ರು. ಗುಂಡಿಗಿ ಕೆಟ್ಟ ಹುಡುಗಿನ್ನ ಯಾರ ಮಾಡ್ಕೋತಾರ್ರಿ? ಆಕಿಗೆ ಹೇಳಿದ್ರ ಗೆಳತ್ಯಾರ ಮುಂದ ಅಂತಾಳ, ಊರೆಲ್ಲಾ ಆಗ್ತದ. ಅದಕ್ಕ ತಾಕತ್ತಿನ ಸೂಜಿ ಅಂದೆ."

ದಾಕ್ಷಾಯಿಣಿ ಫೋನನ್ನೇ ನೋಡುತ್ತಿದ್ದಳು.

"ಅವ್ವಾ," ಅಂದಳು. "ಲಗ್ನದಾಗ ಉಡಿ ತುಂಬುವಾಗ, ವರ್ಷದಾಗ ಮಗ ಆಗಲಿ ಅಂದ್ಯಲ್ಲ. ನಿನ್ನ ಕೈಯಾರೆ ಅಕ್ಕಿ ಹಾಕಿದಿ. ನಿನಗ ಗೊತ್ತಿತ್ತಲ್ಲವ್ವಾ."

ಅದನ್ನೂ ಹೇಳಬೇಕು. ಹೇಳಿದೆ. ಉಡಿ ತುಂಬುವುದು ಅಂದರೇನು ಅಂತ ಫ್ರೌಕೆಗೆ ಬಿಡಿಸಿ ಹೇಳುವಷ್ಟರಲ್ಲಿ ಸಾಕಾಗಿ ಹೋಯಿತು.

"ಆಗಿನ ಕಾಗದ ಪತ್ರ, ಎದೆಯ ಫೋಟೋ, ಏನಾದ್ರೂ ಇದ್ರೆ ಕಳಿಸೋಕೆ ಹೇಳು," ಅಂದಳು ಫ್ರೌಕೆ.

"ಒಲಿಗೆ ಹಾಕಿದೆ," ಅಂದಳು ಹನುಮವ್ವ. "ಹೆಣ್ಣು ನೋಡಾಕ ಬರ್ತಾರ ಅಂದ ದಿನ ಮುಂಜಾನೆ."

ಫ್ರೌಕೆ ಆಗಲೇ ಇನ್ನೊಂದು ಫೋನೆತ್ತಿ ಆಸ್ಪತ್ರೆಗೆ ಮಾತಾಡುತ್ತಿದ್ದಳು. ಇವತ್ತೇ ಸಂಜೆ ಹೃದಯದ ಡಾಕ್ಟರು ನೋಡುತ್ತಾರೆ, ಮನೆಗೆ ಹೋಗುವುದು ಬೇಡ, ಇಲ್ಲಿಂದಲೇ ಹೋಗಬೇಕು. ಗಂಡನಿಗೆ ಹೇಳುವುದು ಬಿಡುವುದು ನಿನ್ನ ಇಷ್ಟ, ಅಂತ ದಾಕ್ಷಾಯಿಣಿಗೆ ಹೇಳಿಸಿದಳು.

ದಾಕ್ಷಾಯಿಣಿ ಸೆರಗಿನಿಂದ ಮುಖ ಒರೆಸಿಕೊಂಡಳು. "ಕರೀರಿ," ಅಂದಳು. "ನೀವು ಹೇಳಬ್ಯಾಡ್ರಿ ಅಕ್ಕಾರ. ನಾನ ಹೇಳ್ತೀನಿ."

ಸಂಗಪ್ಪ ಬಂದ. "ಮುಗೀತೇನ್ರಿ? ಭಜಿ ಎಲ್ಲಾ ಆರಿ..." ಅನ್ನುತ್ತಿದ್ದವನು ಅವಳ ಮುಖ ನೋಡಿ ನಿಂತ. ಅವಳು ನಿಂತುಕೊಂಡೇ ಎಲ್ಲ ಹೇಳಿದಳು. ನಡುನಡುವೆ ಉಸಿರು ಎಳೆದುಕೊಳ್ಳಬೇಕಾಯಿತು. ಮೇಜಿನ ಮೇಲಿನ ಫೋನನ್ನು ಯಾರೂ ಆರಿಸಿರಲಿಲ್ಲ.

"ನಿನಗ ಗೊತ್ತಿತ್ತೇನು?" ಅಂತ ಒಂದೇ ಮಾತು ಕೇಳಿದ.

"ಇಲ್ಲ."

ಅವನು ಫಾರ್ಮು ತೆಗೆದುಕೊಂಡು ತಾನು ಬರೆದ 'ಇಲ್ಲ'ಗಳನ್ನು ನೋಡಿದ. "ನಾನ ಬರದೆ," ಅಂದ. "ಟಿ.ವಿ. ನೋಡ್ಕೋತ. ಆಕಿನ್ನ ಒಂದು ಮಾತು ಕೇಳಲಿಲ್ಲ." ಕುರ್ಚಿಯಲ್ಲಿ ಕುಸಿದ. ಮನಸ್ಸಿನಲ್ಲಿ ಏನಿತ್ತೋ, ನನಗೆ ಇವತ್ತಿಗೂ ತಿಳಿಯದು.

"ಅಳಿಯಂದ್ರ," ಅಂತ ಫೋನಿನಿಂದ ಹನುಮವ್ವನ ದನಿ ಬಂತು. ಈಗ ಅಳುತ್ತಿದ್ದಳು. "ಆಕಿನ್ನ ಕೈ ಬಿಡಬ್ಯಾಡ್ರಿ. ನಿಮ್ಮ ಕಾಲಿಗೆ ಬೀಳ್ತೀನ್ರಿ. ಇಡ್ತೀನ್ರಿ ಫೋನು."

ದಾಕ್ಷಾಯಿಣಿ ಸಂಗಪ್ಪನ ಕೈಯಿಂದ ಫಾರ್ಮು ತೆಗೆದುಕೊಂಡು, ನನ್ನ ಪೆನ್ನು ಕೇಳಿ ಇಸಿದುಕೊಂಡಳು. ಎದೆಯ ಪ್ರಶ್ನೆ ಯಾವುದು ಅಂತ ನನ್ನಿಂದ ಬೆರಳಿಡಿಸಿಕೊಂಡು, ಅವನ 'ಇಲ್ಲ'ದ ಮೇಲೆ ಗೀಟು ಹಾಕಿ, ಏಳನೇ ಕ್ಲಾಸಿನ ದುಂಡು ಅಕ್ಷರದಲ್ಲಿ 'ಹೌದು' ಅಂತ ಬರೆದಳು. ಆಮೇಲೆ ಫೋನಿನ ಕಡೆ ಬಾಗಿದಳು.

"ಇಡಬ್ಯಾಡವ್ವಾ," ಅಂದಳು. "ಇನ್ನೂ ಮೂರು ಪುಟ ಅದಾವ."