ಎಪ್ಪತ್ತೆಂಟು ಲಕ್ಷ ಜೋಡಿ

ಗಂಗಾಧರ ಮರೆತರು ಎಂದು ಕಚೇರಿಯೆಲ್ಲ ನಂಬಿತ್ತು. ಕಚೇರಿ ನಂಬಿದರೆ ನಂಬಲಿ, ಅದಕ್ಕೆ ಬೇರೆ ಕೆಲಸವೇನು? ಸಂಕಟದ ಸಂಗತಿಯೆಂದರೆ, ಗಂಗಾಧರರೂ ಅದನ್ನೇ ನಂಬತೊಡಗಿದ್ದರು.

ಚೆನ್ನೈನ ಗಿಂಡಿ ಬಡಾವಣೆಯ ಆ ನಾಲ್ಕನೇ ಮಹಡಿಯ ಕಂಪನಿ ಹೊರದೇಶಗಳ ಲಾಟರಿ ಯಂತ್ರಗಳನ್ನು ಪರೀಕ್ಷಿಸಿ, ಇವು ಮೋಸ ಮಾಡುವುದಿಲ್ಲ ಎಂದು ಸರ್ಟಿಫಿಕೇಟ್ ಕೊಡುತ್ತಿತ್ತು. ತಮಿಳುನಾಡಿನಲ್ಲಿ ಲಾಟರಿ ಟಿಕೆಟ್ ಮಾರುವಂತಿಲ್ಲ. ಲಾಟರಿಯ ಲೆಕ್ಕ ನೋಡಿ ಹೊಟ್ಟೆ ಹೊರೆಯಲು ಅಡ್ಡಿಯಿಲ್ಲ. ಕಂಪನಿಯ ಗಿರಾಕಿಗಳಲ್ಲಿ ಒಂದು ಪುಟ್ಟ ದ್ವೀಪದೇಶ. ಅಲ್ಲಿ ವಾರಕ್ಕೆರಡು ಡ್ರಾ, ನಲವತ್ತೊಂಬತ್ತು ಸಂಖ್ಯೆಗಳಲ್ಲಿ ಆರು. ಮೊದಲು ಗಾಜಿನ ಡಬ್ಬಿಯಲ್ಲಿ ಚೆಂಡು ತಿರುಗಿಸುತ್ತಿದ್ದರು, ಏಳು ವರ್ಷದಿಂದ ಕಂಪ್ಯೂಟರು.

ಪ್ರತಿ ಡ್ರಾಗೂ ಮುಂಚೆ ಗಂಗಾಧರ ಚೆನ್ನೈನಿಂದಲೇ ಆ ಯಂತ್ರವನ್ನು ಟೆಸ್ಟ್ ಮೋಡ್‌ಗೆ ಹಾಕಿ ಮೂರು ಸಲ ಓಡಿಸುತ್ತಿದ್ದರು. ಟೆಸ್ಟ್ ಮೋಡ್‌ನಲ್ಲಿ ಅದು ಹೊಸ ಸಂಖ್ಯೆ ಎತ್ತುವುದಿಲ್ಲ, ಹಳೆಯ ಡ್ರಾಗಳ ಕಡತದಿಂದ ಯಾವುದೋ ಒಂದನ್ನು ತೆಗೆದು ತೋರಿಸುತ್ತದೆ. ಎಲ್ಲ ಸರಿಯಿದ್ದರೆ ಟೆಸ್ಟ್ ಮೋಡ್ ಆಫ್ ಮಾಡುವುದು, ಆಮೇಲೆ ನಿಜವಾದ ಡ್ರಾ. ಏಳು ವರ್ಷದಲ್ಲಿ ಏಳುನೂರಕ್ಕೂ ಹೆಚ್ಚು ಸಲ ಅವರು ಹೀಗೆ ಮಾಡಿದ್ದರು.

ಆ ಶನಿವಾರದ ಡ್ರಾ, ಸಂಖ್ಯೆ ಮೂರು ಸಾವಿರದ ಒಂಬೈನೂರ ಅರವತ್ತು. ಬಂದದ್ದು 4, 11, 19, 23, 38, 46. ಮರುದಿನ ಅಲ್ಲಿನ ಪತ್ರಿಕೆಯವನೊಬ್ಬ ಹಳೆಯದನ್ನು ಕೆದಕಿ ನೋಡಿದರೆ, ಹದಿನೇಳು ವರ್ಷದ ಹಿಂದೆಯೂ ಇವೇ ಆರು. ಲಾಟರಿ ಮಂಡಳಿ ಆ ಯಂತ್ರಕ್ಕೆ ಸೀಲು ಹಾಕಿ, ಇನ್ನೊಂದು ಯಂತ್ರ ತಂದಿಟ್ಟು, ಚೆನ್ನೈಗೆ ಕಾಗದ ಬರೆಯಿತು: ಹೀಗಾಗುವ ಸಾಧ್ಯತೆ ಒಂದು ಕೋಟಿ ನಲವತ್ತು ಲಕ್ಷದಲ್ಲಿ ಒಂದು. ಮೂವತ್ತೆಂಟು ವರ್ಷದಲ್ಲಿ ಒಮ್ಮೆಯೂ ಆಗಿಲ್ಲ. ಆದ್ದರಿಂದ ನಿಮ್ಮವರು ಟೆಸ್ಟ್ ಮೋಡ್ ಆಫ್ ಮಾಡಲು ಮರೆತಿದ್ದಾರೆ.

ಆಫ್ ಮಾಡಿದ್ದಿರಾ ಎಂದು ಎಲ್ಲರೂ ಗಂಗಾಧರರನ್ನು ಕೇಳಿದರು. ಏಳುನೂರು ಸಲ ಮಾಡಿದ ಕೆಲಸದಲ್ಲಿ ಒಂದು ಸಲದ ನೆನಪನ್ನು ಬೇರೆ ಮಾಡಿ ತೆಗೆಯುವುದು ಯಾರಿಂದ ಸಾಧ್ಯ? ಮೊದಲ ದಿನ "ಮಾಡಿದ್ದೆ" ಅಂದರು. ಮೂರನೇ ದಿನ "ಮಾಡಿರ್ತೀನಿ" ಅಂದರು. ಒಂದು ವಾರ ಕಳೆಯುವಷ್ಟರಲ್ಲಿ "ಮರೆತೆನೋ ಏನೋ" ಎಂದು ರಜೆ ಹಾಕಿ ತಾಂಬರಂನ ಮನೆಯಲ್ಲಿ ಕೂತರು. ಐವತ್ತಾರು ವರ್ಷದ ಮನುಷ್ಯ. ಅವರ ರಾಜೀನಾಮೆ ಪತ್ರವನ್ನು ಕಂಪನಿಯೇ ಟೈಪ್ ಮಾಡಿಟ್ಟಿತ್ತು, ಶುಕ್ರವಾರ ಬಂದು ಸಹಿ ಹಾಕುವುದೊಂದೇ ಬಾಕಿ.

ಮಂಡಳಿಗೆ ಕೊಡಬೇಕಾದ ವರದಿಯಲ್ಲಿ ಲೆಕ್ಕದ ಪುಟ ಬರೆಯುವ ಕೆಲಸ ತನುಶ್ರೀಗೆ ಬಿತ್ತು. ಅವಳು ನಂಜನಗೂಡಿನವಳು, ಸಂಖ್ಯಾಶಾಸ್ತ್ರ ಓದಿ ಎಂಟು ವರ್ಷದಿಂದ ಇಲ್ಲಿದ್ದಳು. ಮೇಲಧಿಕಾರಿ ಅಂದಾನಿ ಚಾಮರಾಜನಗರದವರು. ಊರಿನ ಮಾತಾಡಲು ಸಿಕ್ಕಿದ್ದಾಳೆಂದು ಅವಳ ಮೇಲೆ ವಿಶೇಷ ಪ್ರೀತಿ, ಅದರ ಜೊತೆಗೆ ವಿಶೇಷ ಬೈಗುಳ.

"ಒಂದೂವರೆ ಪುಟ ಸಾಕು ಕಣವ್ವ," ಅಂದರು. "ಕೋಟಿಗೊಂದು ಅಂತ ಅವರೇ ಬರ್ದವ್ರೆ. ನೀನು ಹೌದು ಅನ್ನು."

"ಅವರ ಪ್ರಶ್ನೆಯೇ ತಪ್ಪು ಸಾರ್."

ಅಂದಾನಿ ಕನ್ನಡಕ ತೆಗೆದಿಟ್ಟರು. ಅದು ಒಳ್ಳೆಯ ಲಕ್ಷಣವಲ್ಲವೆಂದು ಇಡೀ ಮಹಡಿಗೆ ಗೊತ್ತಿತ್ತು.

"ನಮ್ಮ ಫ್ಲೋರಲ್ಲಿ ಮೂವತ್ತು ಜನ ಇದೀವಿ," ಅಂದಳು ತನುಶ್ರೀ. "ಹರಿಪ್ರಿಯಾ, ಪ್ರವೀಣ್ ಇಬ್ಬರದೂ ಒಂದೇ ದಿನ ಹುಟ್ಟುಹಬ್ಬ. ಪ್ರತಿ ವರ್ಷ ಒಂದೇ ಕೇಕ್ ಕಟ್ ಮಾಡ್ತಾರೆ. ಅದು ಮೋಸ ಅಂತ ಯಾರಾದ್ರೂ ಅಂದ್ರಾ?"

"ಕೇಕ್ ಒಂದು ಉಳೀತು ಅಂದ್ರು."

"ನಿಮ್ಮ ಹುಟ್ಟುಹಬ್ಬದ ದಿನವೇ ಇನ್ನೊಬ್ಬರದೂ ಇರ್ಬೇಕು ಅಂದ್ರೆ ಕಷ್ಟ. ಉಳಿದ ಇಪ್ಪತ್ತೊಂಬತ್ತು ಜನರಲ್ಲಿ ಹುಡುಕ್ಬೇಕು, ಸಿಗೋ ಸಾಧ್ಯತೆ ನೂರಕ್ಕೆ ಎಂಟು. ಆದ್ರೆ ಯಾರಾದರೂ ಇಬ್ಬರು, ಯಾವುದಾದರೂ ದಿನ ಅಂದ್ರೆ ಜೋಡಿ ಎಣಿಸ್ಬೇಕು. ಮೂವತ್ತು ಜನಕ್ಕೆ ನಾನೂರ ಮೂವತ್ತೈದು ಜೋಡಿ. ಅಷ್ಟೂ ಜೋಡಿಯಲ್ಲಿ ಒಂದಾದರೂ ಹೊಂದೋ ಸಾಧ್ಯತೆ ನೂರಕ್ಕೆ ಎಪ್ಪತ್ತು."

"ಲಾಟರಿ ಹುಟ್ಟುಹಬ್ಬ ಅಲ್ಲ."

"ಲೆಕ್ಕ ಒಂದೇ ಸಾರ್. ಮುನ್ನೂರ ಅರವತ್ತೈದು ದಿನದ ಬದಲು ಒಂದು ಕೋಟಿ ಮೂವತ್ತೊಂಬತ್ತು ಲಕ್ಷದ ಎಂಬತ್ಮೂರು ಸಾವಿರ ಚಿಲ್ಲರೆ ಆರಾರರ ಗುಂಪು. ಮೂವತ್ತು ಜನರ ಬದಲು ಮೂರು ಸಾವಿರದ ಒಂಬೈನೂರ ಅರವತ್ತು ಡ್ರಾ. ಜೋಡಿ ಎಪ್ಪತ್ತೆಂಟು ಲಕ್ಷ. ಇಷ್ಟು ವರ್ಷದಲ್ಲಿ ಎಲ್ಲೋ ಒಂದು ಕಡೆ ರಿಪೀಟ್ ಆಗೋ ಸಾಧ್ಯತೆ ನೂರಕ್ಕೆ ನಲವತ್ಮೂರು. ಹೆಚ್ಚೂಕಮ್ಮಿ ನಾಣ್ಯ ಚಿಮ್ಮಿದ ಹಾಗೆ."

ಅಂದಾನಿ ದಡ್ಡರಲ್ಲ, ಅಷ್ಟು ಬೇಗ ಒಪ್ಪುವವರೂ ಅಲ್ಲ. "ಈ ಶನಿವಾರದ್ದೇ ಹಳೇದರ ಜೊತೆ ಹೊಂದೋದು?"

"ಮೂರೂವರೆ ಸಾವಿರಕ್ಕೆ ಒಂದು. ಆದ್ರೆ ಈ ಶನಿವಾರನ ನಾವು ಮೊದಲೇ ಆರಿಸಿ ಕಾಯ್ತಾ ಇರ್ಲಿಲ್ಲ. ಯಾವ ವಾರ ಆಗಿದ್ರೂ ಇದೇ ಕಾಗದ ಬರ್ತಿತ್ತು. ಏಳು ವರ್ಷದಿಂದ ಪ್ರತಿ ಡ್ರಾಗೂ ಟೆಸ್ಟ್ ಮಾಡ್ತಿದ್ದವರು ಗಂಗಾಧರ ಸಾರೇ, ಯಾವ ವಾರ ಆಗಿದ್ರೂ ಇವರ ತಲೆಗೇ ಬರ್ತಿತ್ತು."

"ಅಂದ್ರೆ ಗಂಗಾಧರ ಮರೆತಿಲ್ಲ ಅಂತ ಬರೀತೀಯಾ?"

"ಇಲ್ಲ ಸಾರ್. ಅದು ಲೆಕ್ಕಕ್ಕೆ ಗೊತ್ತಿಲ್ಲ. ರಿಪೀಟ್ ಆಗಿದ್ದೇ ಸಾಕ್ಷಿ ಅಲ್ಲ ಅಂತ ಬರೀತೀನಿ. ಸೀಲು ಒಡೆದು ಯಂತ್ರದ ಲಾಗ್ ನೋಡ್ಲಿ. ಟೆಸ್ಟ್ ಮೋಡ್ ಯಾವಾಗ ಆಫ್ ಆಯ್ತು ಅಂತ ಅದರಲ್ಲಿರುತ್ತೆ."

ಅಂದಾನಿ ಕನ್ನಡಕ ಹಾಕಿಕೊಂಡರು. ಮಂಡಳಿಯವರು ಅಷ್ಟು ಸುಲಭಕ್ಕೆ ಸೀಲು ಒಡೆಯುವುದಿಲ್ಲ ಎಂದರು. ಅಪರಾಧಿ ಸಿಕ್ಕಿದ ಮೇಲೆ ಹುಡುಕುವ ಶ್ರಮ ಯಾರಿಗೆ ಬೇಕು? "ಮೂವತ್ತೆಂಟು ವರ್ಷ ಆಗಿಲ್ಲ ಅಂತಾರಲ್ಲ, ಅಲ್ಲೇ ಗಟ್ಟಿಯಾಗಿ ಕೂತವ್ರೆ. ಆ ಮಾತಿಗೆ ಏನಾದ್ರೂ ಹುಡುಕು. ಗುರುವಾರದವರೆಗೆ ಟೈಮ್ ಕೊಟ್ಟಿವ್ನಿ."

ತನುಶ್ರೀ ತನ್ನ ಜಾಗಕ್ಕೆ ಬಂದು ಹಳೆಯ ಡ್ರಾಗಳ ಕಡತ ತೆರೆದಳು. ಡ್ರಾ ಎಷ್ಟು ಎಂದು ಬಾಯಲ್ಲಿ ಹೇಳಿದ್ದಾಯಿತು, ಬರೆಯುವ ಮುಂಚೆ ಎಣಿಸಬೇಕಲ್ಲ. ಆ ಶನಿವಾರದವರೆಗೆ ಸಾಲುಗಳು ಮೂರು ಸಾವಿರದ ಒಂಬೈನೂರ ಐವತ್ತೊಂಬತ್ತು. ಆ ದಿನದ ಡ್ರಾ ಸಂಖ್ಯೆಯೋ ಮೂರು ಸಾವಿರದ ಒಂಬೈನೂರ ಅರವತ್ತು. ಮತ್ತೆ ಎಣಿಸಿದಳು. ಒಂದು ಡ್ರಾ ಕಾಣೆಯಾಗಿತ್ತು. ಯಾವುದೆಂದು ಹುಡುಕಿದರೆ ಸಾವಿರದ ಎಂಟುನೂರ ಎಪ್ಪತ್ತನಾಲ್ಕು. ಚೆಂಡುಗಳ ಕಾಲದ್ದು.

ಆಗ ಅವಳಿಗೆ ನೆನಪಾಯಿತು. ನೆನಪಾಗದಿದ್ದರೆ ಎಷ್ಟೋ ಚೆನ್ನಾಗಿತ್ತು.

ಏಳು ವರ್ಷದ ಹಿಂದೆ, ಕಂಪ್ಯೂಟರು ಬಂದಾಗ, ಮಂಡಳಿ ಹಳೆಯ ರಿಜಿಸ್ಟರುಗಳನ್ನೆಲ್ಲ ಟೈಪ್ ಮಾಡಿಸಿ ಕಳಿಸಿತ್ತು. ಟೈಪ್ ಮಾಡಿದವರು ಕೆಲವು ಪುಟಗಳನ್ನು ಎರಡೆರಡು ಸಲ ಹೊಡೆದಿದ್ದರು, ಕೆಲವಕ್ಕೆ ತಾರೀಖೂ ಡ್ರಾ ಸಂಖ್ಯೆಯೂ ತಪ್ಪು. ಅದನ್ನು ಚೊಕ್ಕಟ ಮಾಡುವ ಕೆಲಸ ಆಗ ಹೊಸಬಳಾಗಿದ್ದ ತನುಶ್ರೀಯದು. ಅವೆರಡನ್ನೂ ನಂಬುವಂತಿಲ್ಲ ಎಂದು, ಆರೂ ಸಂಖ್ಯೆ ಒಂದೇ ಇರುವ ಸಾಲು ಎರಡನೇ ಸಲ ಬಂದರೆ ಅಳಿಸು ಎಂದು ಪ್ರೋಗ್ರಾಮಿಗೆ ಹೇಳಿದ್ದಳು. ಅವೇ ಆರು ಎರಡು ಸಲ ಬರುವುದುಂಟೆ, ಅದು ಟೈಪಿಂಗ್ ತಪ್ಪೇ ಇರಬೇಕು ಎಂದುಕೊಂಡಿದ್ದಳು. ಮೂವತ್ತೆಂಟು ಸಾಲು ಹೋದವು. ಎಲ್ಲರೂ ಶಭಾಷ್ ಎಂದರು.

ಟೈಪ್ ಆಗಿ ಬಂದ ಮೂಲ ಕಡತ ಇನ್ನೂ ಸರ್ವರಿನಲ್ಲಿತ್ತು. ಮೂವತ್ತೇಳು ಸಾಲು ನಿಜಕ್ಕೂ ಎರಡು ಸಲ ಹೊಡೆದವು. ಒಂದು ಹಾಗಲ್ಲ. ಆರುನೂರ ಹನ್ನೊಂದನೇ ಡ್ರಾದಲ್ಲಿ 7, 12, 20, 31, 33, 45. ಹನ್ನೆರಡು ವರ್ಷ ಬಿಟ್ಟು ಸಾವಿರದ ಎಂಟುನೂರ ಎಪ್ಪತ್ತನಾಲ್ಕರಲ್ಲಿ ಮತ್ತೆ ಅವೇ. ಅದರ ಜೊತೆಗೇ ಇದ್ದ ರಿಜಿಸ್ಟರಿನ ಪುಟಗಳ ಚಿತ್ರ ತೆರೆದು ನೋಡಿದಳು. ಬೇರೆ ಬೇರೆ ಕೈಬರಹ, ಬೇರೆ ಬೇರೆ ಸಾಕ್ಷಿಗಳ ಸಹಿ. ಗಾಜಿನ ಡಬ್ಬಿಯ ಚೆಂಡುಗಳೇ ಅವೆರಡನ್ನೂ ಎತ್ತಿದ್ದವು. ಒಮ್ಮೆಯೂ ಆಗಿಲ್ಲ ಎಂದು ಮಂಡಳಿ ಎದೆ ತಟ್ಟಿ ಹೇಳುತ್ತಿದ್ದುದು ಅವಳು ಚೊಕ್ಕಟ ಮಾಡಿ ಕೊಟ್ಟ ಕಡತ ನೋಡಿಯೇ.

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಎರಡು ಸಲ ಬಾತ್‌ರೂಮಿಗೆ ಹೋಗಿ ಮುಖ ತೊಳೆದು ಬಂದಳು. ಮುಖವೇನೋ ತೊಳೆದಾಯಿತು. ಆಮೇಲೆ ಅಂದಾನಿಯವರ ಕೋಣೆಗೆ ಹೋಗಿ ಎಲ್ಲ ಹೇಳಿದಳು.

ಅವರು ಮತ್ತೆ ಕನ್ನಡಕ ತೆಗೆದಿಟ್ಟರು. "ಎರಡು ಸಲ ಆಯ್ತು ಅಂದ್ರೆ ಅವರಿಗೆ ಅನುಮಾನ ಜಾಸ್ತಿ ಆಗಲ್ವಾ?"

"ಎರಡು ಅಥವಾ ಅದಕ್ಕಿಂತ ಹೆಚ್ಚು ಆಗೋದು ಒಂಬತ್ತಕ್ಕೆ ಒಂದು. ಅಪರೂಪ, ಅಸಾಧ್ಯ ಅಲ್ಲ. ಅದನ್ನೂ ಬರೀತೀನಿ, ಮುಚ್ಚಿಡೋದಿಲ್ಲ. ಆದ್ರೆ ಮೊದಲನೇದು ಆದಾಗ ಕಂಪ್ಯೂಟರೂ ಇರ್ಲಿಲ್ಲ, ಟೆಸ್ಟ್ ಮೋಡೂ ಇರ್ಲಿಲ್ಲ, ಗಂಗಾಧರ ಸಾರೂ ಇರ್ಲಿಲ್ಲ."

"ಕಡತ ಕೆಡಿಸಿದ್ದು ಯಾರು ಅಂತ ಹೆಸರು ಹಾಕ್ಬೇಕಾಯ್ತದೆ."

"ಹಾಕಿದೀನಿ ಸಾರ್. ಮೊದಲ ಸಾಲಲ್ಲೇ ಇದೆ."

ಅಂದಾನಿ ಅವಳನ್ನು ಬಯ್ಯಲಿಲ್ಲ. ಬಯ್ದಿದ್ದರೆ ಅವಳಿಗೆ ಹಗುರವಾಗುತ್ತಿತ್ತು. ವರದಿಯನ್ನು ತಾವೇ ಮಂಡಳಿಗೆ ಕಳಿಸಿದರು, ಗಂಗಾಧರರ ಶುಕ್ರವಾರದ ಸಹಿಯನ್ನು ಮುಂದಕ್ಕೆ ಹಾಕಿಸಿದರು. ಕಂಪನಿ ತನುಶ್ರೀಗೆ ಎಚ್ಚರಿಕೆಯ ಪತ್ರ ಕೊಟ್ಟಿತು. ಒಂದು ವರ್ಷ ಅವಳು ಯಾವ ವರದಿಗೂ ಸಹಿ ಹಾಕುವಂತಿಲ್ಲ. ಕ್ಯಾಂಟೀನಿನಲ್ಲಿ ಅವಳ ಪಕ್ಕದ ಕುರ್ಚಿ ಎರಡು ದಿನ ಖಾಲಿ ಇತ್ತು.

ಮುಂದಿನ ಮಂಗಳವಾರ ಮಂಡಳಿ ಸೀಲು ಒಡೆಯಿತು. ಲಾಗ್ ಬಂತು. ಅವಳು ಅದನ್ನು ಮುದ್ರಿಸಿಕೊಂಡು, ಫೋನು ಮಾಡದೆ, ಗಿಂಡಿಯಿಂದ ಎಲೆಕ್ಟ್ರಿಕ್ ಟ್ರೈನು ಹತ್ತಿ ತಾಂಬರಂಗೆ ಹೋದಳು. ಇಂಥ ಮಾತನ್ನು ಫೋನಿನಲ್ಲಿ ಹೇಳುವುದು ಅವಳಿಂದಾಗಲಿಲ್ಲ.

ಬಾಗಿಲು ತೆಗೆದವರು ಗಂಗಾಧರರ ಹೆಂಡತಿ ಜಯಲಕ್ಷ್ಮೀ. "ಉಳ್ಳೆ ಬಾಮ್ಮಾ," ಎಂದು ಒಳಗೆ ಕರೆದರು. ದನಿ ತಗ್ಗಿಸಿ, "ಸರಿಯಾಗಿ ಊಟನೇ ಇಲ್ಲ," ಅಂದರು.

ಗಂಗಾಧರ ಕುರ್ಚಿಯಲ್ಲಿ ಕೂತಿದ್ದರು. ಇಷ್ಟು ದಿನದಲ್ಲಿ ಇಷ್ಟು ಇಳಿದುಹೋಗುತ್ತಾರೆಂದು ಅವಳು ಎಣಿಸಿರಲಿಲ್ಲ. ಕಾಗದ ಕೈಗೆ ಕೊಟ್ಟು, ಬೆರಳಿಟ್ಟು ತೋರಿಸಿದಳು.

"ಮೂರು ನಲವತ್ತೆರಡು. ಟೆಸ್ಟ್ ಮೋಡ್ ಆಫ್. ನಿಮ್ಮ ಲಾಗಿನ್. ಡ್ರಾ ಆಗಿದ್ದು ನಾಲ್ಕಕ್ಕೆ. ಸಂಖ್ಯೆ ಹೊಸದಾಗಿ ಎತ್ತಿದ್ದು ಯಂತ್ರವೇ, ಹಳೇ ಕಡತದಿಂದ ಅಲ್ಲ."

"ನಾನು ಆಫ್ ಮಾಡಿದ್ನಾ?"

"ಮಾಡಿದ್ರಿ ಸಾರ್."

"ನಿಜವಾಗ್ಲೂ ಮಾಡಿದ್ನಾ ಮಾ?"

"ಮಾಡಿದ್ರಿ."

ಅವರು ಕಾಗದವನ್ನು ಇನ್ನೊಮ್ಮೆ ಓದಿದರು. ಆಮೇಲೆ ತಲೆ ತಗ್ಗಿಸಿ ಅತ್ತರು. ಜಯಲಕ್ಷ್ಮೀ ಬಂದು ಅವರ ಬೆನ್ನ ಮೇಲೆ ಕೈಯಿಟ್ಟು ನಿಂತರು. ತನುಶ್ರೀ ಉಳಿದದ್ದನ್ನೂ ಹೇಳಿದಳು: ಅಳಿಸಿದ ಸಾಲು, ಒಮ್ಮೆಯೂ ಆಗಿಲ್ಲ ಎಂಬ ಮಾತು ಹುಟ್ಟಿದ ಬಗೆ. ಕ್ಷಮೆ ಕೇಳಿದಳು. ಕೇಳುವಾಗ ತನ್ನ ದನಿಯೇ ತನಗೆ ಸಣ್ಣದಾಗಿ ಕೇಳಿಸಿತು.

"ಅವೇ ಆರು ಎರಡು ಸಲ ಬಂದ್ರೆ ನಾನೂ ಅಳಿಸ್ತಿದ್ದೆ ಮಾ," ಅಂದರು ಗಂಗಾಧರ. "ಯಾರು ನಂಬ್ತಾರೆ?" ಕಣ್ಣೊರೆಸಿಕೊಂಡು, "ನಾಳೆ ಡ್ರಾ ಇದೆ ಅಲ್ವಾ?"

"ಇದೆ ಸಾರ್. ನೀವೇ ಮಾಡ್ಬೇಕು ಅಂತ ಅಂದಾನಿ ಸಾರ್ ಹೇಳಿದಾರೆ."

"ಬರ್ತೀನಿ." ಆಮೇಲೆ ಅವಳ ಮುಖ ನೋಡದೆ ಹೇಳಿದರು: "ನಾನು ಆಫ್ ಮಾಡುವಾಗ ಮಾತ್ರ ನೀನು ಪಕ್ಕದಲ್ಲಿ ನಿಂತಿರು. ನಾನೊಬ್ಬನೇ ನೋಡಿದ್ರೆ ಇನ್ನು ಸಾಲಲ್ಲ."