ಮೊದಲ ಸಾಲಿನ ಎಡಗಡೆಯ ಕುರ್ಚಿ

ಫಿನ್ಲೆಂಡಿನ ಯೊಯೆನ್ಸೂ ಊರಿನ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ನಾನು ಮೂವತ್ತೊಂದು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಯಾರು ಯಾವ ಪುಸ್ತಕವನ್ನು ನಾಚಿಕೊಂಡು ಒಯ್ಯುತ್ತಾರೆ ಎಂದು ಅವರ ನಡಿಗೆ ನೋಡಿಯೇ ಹೇಳಬಲ್ಲೆ ಎಂಬ ಜಂಬ ನನಗಿತ್ತು. ಪಿಹ್ಲಾ ಎಂಬ ಹುಡುಗಿ ಸೆಪ್ಟೆಂಬರಿನ ಒಂದು ಬೆಳಗ್ಗೆ ಪುಸ್ತಕವೊಂದನ್ನು ಕೋಟಿನೊಳಗೆ ಅವುಚಿಕೊಂಡು ಎರವಲು ದಾಖಲಿಸುವ ಯಂತ್ರದ ಕಡೆ ಸರಸರನೆ ಹೋದಾಗಲೂ ನನಗೆ ತಿಳಿಯಿತು. ಯಂತ್ರ ಅಂದು ಕೆಟ್ಟಿತ್ತು. ಬೇರೆ ದಾರಿಯಿಲ್ಲದೆ ಅವಳು ನನ್ನ ಮೇಜಿಗೆ ಬಂದು ಪುಸ್ತಕವನ್ನು ಬೋರಲು ಇಟ್ಟಳು.

ತಿರುಗಿಸಿ ನೋಡಿದೆ. ಹತ್ತು ಜನರೆದುರು ಹೆದರದೆ ಮಾತನಾಡುವುದು ಹೇಗೆ ಎಂಬುದರ ಪುಸ್ತಕ.

"ಕಾಡು ಬೆಳೆಸೋದು ಕಲಿಯೋ ಹುಡುಗಿಗೆ ಇದ್ಯಾಕೆ? ಮರಗಳ ಮುಂದೆ ಭಾಷಣ ಮಾಡ್ತೀಯಾ?" ಎಂದೆ.

"ಮರಗಳಾದ್ರೆ ಪರವಾಗಿರಲಿಲ್ಲ," ಎಂದಳು, ನೆಲ ನೋಡುತ್ತಾ. "ನವೆಂಬರ್‌ನಲ್ಲಿ ನನ್ನ ಸೆಮಿನಾರ್ ಇದೆ. ಇಪ್ಪತ್ತು ನಿಮಿಷ ನಿಂತು ಮಾತಾಡ್ಬೇಕು. ಆಮೇಲೆ ಎದುರಾಳಿ ಪ್ರಶ್ನೆ ಕೇಳ್ತಾನೆ."

ಎದುರಾಳಿ ಎಂದರೆ ಶತ್ರುವಲ್ಲ. ನಮ್ಮಲ್ಲಿ ಪದವಿಯ ಪ್ರಬಂಧ ಮಂಡಿಸುವಾಗ ಸಹಪಾಠಿಯೊಬ್ಬ ಅದನ್ನು ಮೊದಲೇ ಓದಿಕೊಂಡು ಬಂದು ಎಲ್ಲರೆದುರು ತಪ್ಪು ಒಪ್ಪು ಎತ್ತಿ ತೋರಿಸಬೇಕು. ಮೂವತ್ತೇಳು ವರ್ಷದ ಹಿಂದೆ ನಾನೂ ಅಂಥ ಒಂದು ಸೆಮಿನಾರಿಗೆ ಹೋಗಬೇಕಿತ್ತು. ಹೋಗಲಿಲ್ಲ. ಬಸ್ಸು ಹತ್ತಿ ಮನೆಗೆ ಹೋದೆ, ಪದವಿ ಅಲ್ಲಿಗೇ ನಿಂತಿತು, ಆಮೇಲೆ ಬಾಯಿ ಬಿಡದೆ ಬದುಕಬಹುದಾದ ಕೆಲಸ ಹುಡುಕಿಕೊಂಡೆ. ಇದನ್ನು ನನ್ನ ಜೊತೆ ಕೆಲಸ ಮಾಡುವ ರೈಮೋಗೂ ಹೇಳಿರಲಿಲ್ಲ.

ಹುಡುಗಿಗೂ ಹೇಳಲಿಲ್ಲ. ಬದಲಿಗೆ ಕಪಾಟಿಗೆ ಹೋಗಿ ಇನ್ನೂ ಎರಡು ಪುಸ್ತಕ ತಂದುಕೊಟ್ಟೆ.

ಹಾಗೆ ಶುರುವಾಯಿತು. ವಾರಕ್ಕೊಮ್ಮೆ ಪಿಹ್ಲಾ ಬರುತ್ತಿದ್ದಳು. ಓದಿದ ಪುಸ್ತಕಗಳಿಂದ ಹಳದಿ ಚೀಟಿಗಳು ಹುಲ್ಲಿನ ಹಾಗೆ ಹೊರಗೆ ಚಾಚಿರುತ್ತಿದ್ದವು. ಒಂದರಲ್ಲಿ ಉಸಿರಾಟ, ಇನ್ನೊಂದರಲ್ಲಿ ಕೈ ಎಲ್ಲಿಡಬೇಕು, ಮತ್ತೊಂದರಲ್ಲಿ ಮೊದಲ ವಾಕ್ಯ ಹೇಗಿರಬೇಕು. ಒಂದು ಪುಸ್ತಕ ಎಲ್ಲವನ್ನೂ ಬರೆದು ಬಾಯಿಪಾಠ ಮಾಡು ಎಂದರೆ ಇನ್ನೊಂದು ಬಾಯಿಪಾಠ ಮಾಡಿದೆಯೋ ಸತ್ತೆ ಎನ್ನುತ್ತಿತ್ತು. ಅವಳು ಕೇಳಿದಾಗಲೆಲ್ಲ ನಾನು ಹೊಸದೊಂದು ಹುಡುಕಿ ಕೊಡುತ್ತಿದ್ದೆ. ನಮ್ಮಲ್ಲಿಲ್ಲದ್ದನ್ನು ಹೆಲ್ಸಿಂಕಿಯಿಂದ ತರಿಸಿದೆ. ಒಂದನ್ನೂ ನಾನು ಓದಲಿಲ್ಲ. ಆದರೂ ಒಂದು ಮಗುವನ್ನು ದಡ ಸೇರಿಸುತ್ತಿದ್ದೇನೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಳ್ಳುತ್ತಿದ್ದೆ.

ರೈಮೋ ಕಾಫಿ ಹೊತ್ತಿಗೆ ಏಲಕ್ಕಿ ಬನ್ನು ಮುರಿಯುತ್ತಾ ಕೆಣಕುತ್ತಿದ್ದ. "ತೂಲಿಕ್ಕಿ, ಆ ಹುಡುಗಿಗೆ ಎಷ್ಟಾಯ್ತು?"

"ಒಂಬತ್ತು."

"ಒಂಬತ್ತು ಪುಸ್ತಕ! ಈಜು ಕಲಿಯೋಕೆ ಒಂಬತ್ತು ಪುಸ್ತಕ ಕೊಟ್ಟಿದ್ದೀಯಾ, ನೀರು ತೋರಿಸಿದ್ದೀಯಾ?"

"ನೀನು ಸುಮ್ನೆ ಬನ್ನು ತಿನ್ನು," ಎಂದೆ.

ಅಕ್ಟೋಬರ್ ಕೊನೆಯಲ್ಲಿ ಒಂದು ದಿನ ಪಿಹ್ಲಾ ಮೇಜಿನ ಬಳಿ ಬಂದಳು. "ನಿಮಗೆ ಹತ್ತು ನಿಮಿಷ ಪುರುಸೊತ್ತಿದ್ಯಾ? ಪಕ್ಕದಲ್ಲಿ ಗುಂಪಾಗಿ ಕೂತು ಓದೋ ಕೋಣೆ ಕಾದಿರಿಸಿದ್ದೀನಿ. ನೀವು ಕೂತ್ಕೊಳ್ಳಿ, ನಾನು ಮೊದಲ ಭಾಗ ಹೇಳ್ತೀನಿ. ಎಲ್ಲಾ ಪುಸ್ತಕದಲ್ಲೂ ಅದೇ ಇದೆ. ಮೊದಲು ಒಬ್ಬರ ಮುಂದೆ ಮಾತಾಡು ಅಂತ."

ಕೋಣೆ ಗಾಜಿನದು. ಹೊರಗೆ ಓದುವವರಿಗೆ ಕಾಣುತ್ತದೆ. ಅವಳು ಮಾತು ಮುಗಿಸಿದ ಮೇಲೆ ನಾನೂ ಏನಾದರೂ ಹೇಳಬೇಕಾಗುತ್ತದೆ. "ನಿನ್ನ ಪ್ರಬಂಧದ ಆ ಮರ ಕೊರೆಯೋ ತೊಗಟೆ ಹುಳದ ಬಗ್ಗೆ ನನಗೆ ಏನು ಗೊತ್ತು ಮಾರಾಯ್ತಿ?" ಎಂದೆ. "ತಾಳು, ನಿನ್ನೆಯಷ್ಟೇ ಹೊಸದೊಂದು ಬಂದಿದೆ. ಅಮೆರಿಕದವರು ಬರೆದಿದ್ದು. ತುಂಬಾ ಚೆನ್ನಾಗಿದೆಯಂತೆ."

ಅವಳು ತಗೊಂಡು ಹೋದಳು. ಹತ್ತನೆಯದು.

ಸೆಮಿನಾರಿಗೆ ನಾಲ್ಕು ದಿನ ಇದ್ದಾಗ ಅದೇ ಪುಸ್ತಕ ಹಿಡಿದು ಬಂದಳು. ಅಂದು ಅವಳ ಮುಖದಲ್ಲಿ ಒಂದಿಷ್ಟು ಬೆಳಕಿತ್ತು. "ಇದರಲ್ಲಿ ಸುಲಭದ ಉಪಾಯ ಇದೆ. ಎಲ್ಲರನ್ನೂ ನೋಡ್ಬಾರ್ದಂತೆ. ಕೂತವರಲ್ಲಿ ತಲೆಯಾಡಿಸೋ ಮುಖ ಹುಡುಕಿ, ಅವರಿಗೆ ಮಾತ್ರ ಮಾತಾಡ್ಬೇಕಂತೆ."

ನಮ್ಮ ಕಡೆ ಯಾರು ತಲೆಯಾಡಿಸುತ್ತಾರೆ? ಒಬ್ಬರು ಮಾತಾಡುವಾಗ ನಾವು ತಲೆ ತಗ್ಗಿಸಿ, ಮುಖ ಕಲ್ಲು ಮಾಡಿಕೊಂಡು ಕೇಳುತ್ತೇವೆ. ಅದೇ ನಮ್ಮ ಗೌರವ. ಎಷ್ಟು ಮನಸ್ಸಿಟ್ಟು ಕೇಳುತ್ತೇವೋ ಅಷ್ಟು ಮಂಕಾಗಿ ಕಾಣುತ್ತೇವೆ. ಇದು ಅವಳಿಗೂ ಗೊತ್ತು, ಆದರೆ ಹೆದರಿದವರಿಗೆ ಗೊತ್ತಿದ್ದದ್ದೂ ಮರೆಯುತ್ತದೆ. ಆಗಲೇ ಹೇಳಬೇಕಿತ್ತು: ಮಗಳೇ, ಅಲ್ಲಿ ಒಬ್ಬರೂ ತಲೆಯಾಡಿಸುವುದಿಲ್ಲ, ಅದಕ್ಕೆ ಬೇಸರ ಪಟ್ಟುಕೊಳ್ಳಬೇಡ. ಹೇಳಲಿಲ್ಲ, ಏಕೆಂದರೆ ಪುಸ್ತಕ ಕೊಟ್ಟವಳು ನಾನೇ.

ಅವಳೇ ಮುಂದುವರಿಸಿದಳು. "ನಮ್ಮ ಕ್ಲಾಸಿನವರು ಹಾಗೆ ಮಾಡಲ್ಲ ಅನ್ಸುತ್ತೆ. ಅದಕ್ಕೇ... ಸೆಮಿನಾರಿಗೆ ಯಾರು ಬೇಕಾದ್ರೂ ಬರ್ಬಹುದು. ನೀವು ಬರ್ತೀರಾ? ಏನೂ ಹೇಳೋದು ಬೇಡ. ನಾನು ಏನೇ ಬಡಬಡಿಸಿದ್ರೂ ತಲೆಯಾಡಿಸ್ತಾ ಕೂತಿದ್ರೆ ಸಾಕು."

ಮಾತಾಡಬೇಕಿಲ್ಲ ಎಂದ ಮೇಲೆ ನನಗೆ ಧೈರ್ಯ ಬಂತು. "ಬರ್ತೀನಿ," ಎಂದೆ.

"ಖಂಡಿತಾ?"

"ಬರ್ತೀನಿ ಅಂದ್ನಲ್ಲ."

ಮಂಗಳವಾರ ಬೆಳಗ್ಗೆ ರೈಮೋ ನನ್ನ ಮೇಜು ನೋಡಿಕೊಳ್ಳುತ್ತೇನೆ ಎಂದು ತಾನಾಗಿಯೇ ಒಪ್ಪಿಕೊಂಡ. ಹತ್ತು ಗಂಟೆಯ ಸೆಮಿನಾರು ಎಂದರೆ ನಮ್ಮಲ್ಲಿ ಹತ್ತೂ ಕಾಲಿಗೆ ಶುರು. ನಾನು ಹತ್ತೂ ಹತ್ತಕ್ಕೇ ಎರಡನೇ ಮಹಡಿಯಲ್ಲಿದ್ದೆ. ಬಾಗಿಲಿಗೆ ಉದ್ದನೆಯ ಕಿರಿದಾದ ಗಾಜು. ಒಳಗೆ ಪರದೆಯ ಬಳಿ ಪಿಹ್ಲಾ ಮತ್ತು ಮೇಷ್ಟ್ರು, ಅವರನ್ನು ಬಿಟ್ಟರೆ ಹನ್ನೊಂದು ಜನ, ಎಂದಿನಂತೆ ಎಲ್ಲರೂ ಹಿಂದಿನ ಎರಡು ಸಾಲುಗಳಲ್ಲಿ, ನಡುನಡುವೆ ಒಂದೊಂದು ಕುರ್ಚಿ ಬಿಟ್ಟು. ಮುಂದಿನ ಸಾಲುಗಳೆಲ್ಲ ಖಾಲಿ. ಒಳಗೆ ಹೋದರೆ ಆ ಖಾಲಿ ಜಾಗ ದಾಟಿ, ಎಲ್ಲರ ಕಣ್ಣೆದುರು ನಾನೊಬ್ಬಳೇ ಮುಂದೆ ಕೂರಬೇಕು. ಈ ಮುದುಕಿ ಯಾರು ಎಂದು ಮೇಷ್ಟ್ರು ಕೇಳಿದರೆ? ಹೆಸರು ಹೇಳಿ ಅಂದರೆ?

ಬಾಗಿಲ ಹಿಡಿಯ ಮೇಲೆ ಕೈ ಇಟ್ಟೆ. ಐವತ್ತೆಂಟು ವರ್ಷದ ಹೆಂಗಸು ನಾನು, ಮೊಮ್ಮಗ ಇದ್ದಾನೆ. ಕೈ ಹಿಡಿಯನ್ನು ಒತ್ತಲಿಲ್ಲ.

ಹತ್ತೂ ಕಾಲಾಯಿತು. ಪಿಹ್ಲಾ ಎದ್ದು ನಿಂತಳು. ಬೂದು ಅಂಗಿ, ಕೂದಲನ್ನು ಬಿಗಿಯಾಗಿ ಕಟ್ಟಿದ್ದಳು. ಮೊದಲ ಚಿತ್ರ ಪರದೆಯ ಮೇಲೆ ಬಂತು: ತೊಗಟೆ ಸುಲಿದ ಸ್ಪ್ರೂಸ್ ಮರ. ಅವಳ ತುಟಿ ಅಲುಗಿದ್ದು ಕಂಡಿತು, ಎರಡು ಮೂರು ವಾಕ್ಯ ಆಗಿರಬೇಕು. ಆಮೇಲೆ ಮೊದಲ ಸಾಲಿನ ಎಡಗಡೆಯ ಕುರ್ಚಿಯತ್ತ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ. ಹಿಂದಿನ ಸಾಲುಗಳನ್ನು ನೋಡಿದಳು. ಅಲ್ಲಿ ಹನ್ನೊಂದು ತಲೆ ತಗ್ಗಿದ್ದವು, ಪೆನ್ನುಗಳು ಬರೆಯುತ್ತಿದ್ದವು. ಅವರೆಲ್ಲ ಮನಸ್ಸಿಟ್ಟು ಕೇಳುತ್ತಿದ್ದರು, ದೇವರಾಣೆ. ಮತ್ತೆ ಎಡಗಡೆಯ ಕುರ್ಚಿ ನೋಡಿದಳು. ಭಯಕ್ಕೆ ಕಣ್ಣು ಎಲ್ಲೆಲ್ಲೋ ಹೋಗುತ್ತಿದೆ ಎಂದುಕೊಂಡೆ. ಬಾಗಿಲಿನತ್ತ ಮಾತ್ರ ಅವಳು ನೋಡಲಿಲ್ಲ.

ಮಾತು ನಿಂತಿತು.

ಬೇರೆ ಊರಲ್ಲಾಗಿದ್ದರೆ ಯಾರೋ ಕೆಮ್ಮಿ, ಯಾರೋ ನಕ್ಕು, ಯಾರೋ "ಹೇಳಮ್ಮಾ" ಎಂದು ದಾಟಿಸುತ್ತಿದ್ದರೇನೋ. ನಾವು ಸುಮ್ಮನಾದವರನ್ನು ಸುಮ್ಮನೆ ಬಿಡುವ ಜನ. ಹನ್ನೊಂದು ಜನವೂ ಮರ್ಯಾದೆಯಿಂದ ಮೇಜು ನೋಡುತ್ತಾ ಕಾದರು. ಎದುರಾಳಿಯಾಗಿ ಬಂದಿದ್ದ ಹುಡುಗ ತನ್ನ ಪ್ರಶ್ನೆಗಳ ಹಾಳೆಯನ್ನು ಮೆಲ್ಲಗೆ ಮಗುಚಿಟ್ಟ. ಒಂದು ನಿಮಿಷ ಹಾಗೇ ಹೋಯಿತು. ಒಂದು ತಲೆ ಅಲ್ಲಾಡಿದ್ದರೆ ಸಾಕಿತ್ತು, ಅದು ನನ್ನದಾಗಬೇಕಿತ್ತು. ಮೇಷ್ಟ್ರು ನೀರಿನ ಲೋಟ ಮುಂದೆ ಸರಿಸಿದರು. ಅವಳು ಹಾಳೆಗಳನ್ನು ಜೋಡಿಸತೊಡಗಿದಳು.

ಅವಳು ಹೊರಗೆ ಬರುವ ಮೊದಲೇ ನಾನು ಓಡಿದೆ. ಮೆಟ್ಟಿಲನ್ನು ಎರಡೆರಡಾಗಿ ಇಳಿದೆ.

"ಏನಾಯ್ತು? ಹುಡುಗಿ ಮಾತಾಡಿದ್ಲಾ?" ಎಂದ ರೈಮೋ.

"ಚೆನ್ನಾಗಿ ಮಾತಾಡಿದ್ಲು," ಎಂದೆ.

ಮುಂದಿನ ವಾರ ಪುಸ್ತಕ ಹಿಂತಿರುಗಿಸುವ ಪೆಟ್ಟಿಗೆಗೆ ಒಂದಾದ ಮೇಲೊಂದು ಒಂಬತ್ತು ಪುಸ್ತಕ ಬಿದ್ದವು. ಚೀಟಿಗಳನ್ನೆಲ್ಲ ಅಚ್ಚುಕಟ್ಟಾಗಿ ತೆಗೆದಿದ್ದಳು. ಅಮೆರಿಕದ್ದೊಂದು ಮಾತ್ರ ಬಾಕಿ ಇತ್ತು. ಅವಳು ಸೆಮಿನಾರನ್ನು ವಸಂತದಲ್ಲಿ ಮತ್ತೆ ಮಾಡಬಹುದು ಎಂದು ಮೇಷ್ಟ್ರು ಹೇಳಿದ್ದಾರೆಂದು ಯಾರಿಂದಲೋ ಕೇಳಿ ಸಮಾಧಾನ ಮಾಡಿಕೊಂಡೆ. ಅವಳಿಗೊಂದು ಪತ್ರ ಬರೆಯಬಹುದಿತ್ತು. ಓದುಗರ ವಿಳಾಸವನ್ನು ಸ್ವಂತಕ್ಕೆ ಬಳಸಬಾರದೆಂಬ ನಿಯಮ ಇದೆ. ನಿಯಮ ಇದ್ದದ್ದು ಎಷ್ಟು ಅನುಕೂಲವಾಯಿತು ನನಗೆ!

ಡಿಸೆಂಬರಿನಲ್ಲಿ, ಮಧ್ಯಾಹ್ನ ಮೂರಕ್ಕೇ ಹೊರಗೆ ಕತ್ತಲು ಕವಿಯುತ್ತಿದ್ದಾಗ, ಅವಳು ಬಂದಳು. ಪೆಟ್ಟಿಗೆಗೆ ಹಾಕದೆ ಪುಸ್ತಕವನ್ನು ನನ್ನ ಮೇಜಿಗೇ ತಂದಳು.

"ತಡವಾಯ್ತು, ಕ್ಷಮಿಸಿ. ಇದು ಕೊನೇದು."

"ವಸಂತಕ್ಕೆ ಬೇಕಾಗುತ್ತಲ್ಲ, ಇಟ್ಕೋ ಬೇಕಾದ್ರೆ," ಎಂದೆ.

"ವಸಂತಕ್ಕೆ ನಾನಿರಲ್ಲ. ಬಿಟ್ಟೆ. ನುರ್ಮೆಸ್‌ನಲ್ಲಿ ಸಸಿಮಡಿಯಲ್ಲಿ ಕೆಲಸ ಸಿಕ್ಕಿದೆ. ಸಸಿಗಳು ಪ್ರಶ್ನೆ ಕೇಳಲ್ಲ." ನಗಲು ನೋಡಿದಳು.

ಪುಸ್ತಕ ತೆರೆದೆ, ಚೀಟಿ ಏನಾದರೂ ಉಳಿದಿದೆಯೇ ಎಂದು ನೋಡುವುದು ನಮ್ಮ ರೂಢಿ. ಒಂದು ಉಳಿದಿತ್ತು. ಆ ಪುಟದಲ್ಲಿ ಓದುಗರಿಗೆ ಅಭ್ಯಾಸವೊಂದಿತ್ತು: ನಿನಗಾಗಿ ತಲೆಯಾಡಿಸುವವರು ಯಾರು, ಎಲ್ಲಿ ಕೂರುತ್ತಾರೆ, ಮೊದಲೇ ಬರೆದುಕೋ. ಹಳದಿ ಚೀಟಿಯಲ್ಲಿ ಚಿಕ್ಕ ಅಕ್ಷರದಲ್ಲಿ ಬರೆದಿದ್ದಳು: ಗ್ರಂಥಾಲಯದ ತೂಲಿಕ್ಕಿ. ಮೊದಲ ಸಾಲು, ಎಡಗಡೆ.

ಈಗಲಾದರೂ ಹೇಳಬೇಕಿತ್ತು. ನಾನು ಬಂದಿದ್ದೆ, ಬಾಗಿಲಲ್ಲೇ ನಿಂತಿದ್ದೆ, ನಾನೂ ನಿನ್ನ ಥರದವಳೇ, ನನ್ನ ಹಾಗೆ ಆಗಬೇಡ, ವಾಪಸು ಬಾ, ಆ ಗಾಜಿನ ಕೋಣೆಯಲ್ಲಿ ದಿನಾ ಕೂತು ನಿನ್ನ ತೊಗಟೆ ಹುಳದ ಕತೆ ಕೇಳುತ್ತೇನೆ. ಇಷ್ಟೂ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವಳು ಕೈಗವಸು ಹಾಕಿಕೊಳ್ಳುತ್ತಾ ನಿಂತಿದ್ದಳು. ನಾನು ಬಾಯಿ ತೆರೆಯುವುದನ್ನು ಕಂಡು, ನನಗೆ ಕಷ್ಟವಾಗಬಾರದೆಂದು ಅವಳೇ ಮೊದಲು ಮಾತಾಡಿದಳು.

"ಅವತ್ತಿಂದು ಮನಸಿಗೆ ಹಚ್ಕೋಬೇಡಿ ತೂಲಿಕ್ಕಿ. ಮೇಜು ಬಿಟ್ಟು ಬರೋಕೆ ಆಗಿರಲ್ಲ. ಇಲ್ಲಿ ಜನ ಜಾಸ್ತಿ ಇದ್ರು, ಅಲ್ವಾ?"

ಅವಳ ಕಣ್ಣು ನನ್ನ ಮುಖದ ಮೇಲೇ ಇತ್ತು, ಉತ್ತರಕ್ಕೆ ಕಾಯುತ್ತಾ.

ನಾನು ತಲೆಯಾಡಿಸಿದೆ.